ಅಮ್ಮ ಗಡಿಯಾರ ನೋಡಿ ಮಾತ್ರೆ ಕೇಳುವುದು ಚಟವಲ್ಲ

ಪ್ರಶ್ನೆ: ಅಮ್ಮನಿಗೆ 62 ವರ್ಷ. ಸ್ತನ ಕ್ಯಾನ್ಸರ್ ಈಗ ಬೆನ್ನುಮೂಳೆ, ಸೊಂಟದ ಮೂಳೆಗೂ ಹಬ್ಬಿದೆ. ಡಾಕ್ಟರು ಮಾರ್ಫಿನ್ 10 ಮಿಲಿಗ್ರಾಂ ಮಾತ್ರೆ ನಾಲ್ಕು ಗಂಟೆಗೊಂದು ಕೊಡಿ, ಮಧ್ಯೆ ನೋವು ಬಂದರೆ ಇನ್ನೊಂದು ಕೊಡಿ ಅಂದಿದ್ದಾರೆ. ಚಟ ಹತ್ತುತ್ತೆ ಅಂತ ಅಣ್ಣನಿಗೆ ಭಯ. ಅದಕ್ಕೇ ತಡೆಯೋಕಾಗದಷ್ಟು ನೋವಾದಾಗ ಮಾತ್ರ ಕೊಡ್ತಿದ್ದೀವಿ, ದಿನಕ್ಕೆ ಮೂರು. ಈಗ ಅಮ್ಮ ಗಡಿಯಾರ ನೋಡ್ತಾ ಮಾತ್ರೆ ಕೇಳ್ತಾರೆ. ಇದು ಚಟ ಅಲ್ವಾ? ಆರು ದಿನದಿಂದ ಸರಿಯಾಗಿ ಮೋಷನ್ ಆಗಿಲ್ಲ, ನಿನ್ನೆಯಿಂದ ನೀರು ನೀರಾಗಿ ಸ್ವಲ್ಪ ಸೋರ್ತಿದೆ. ಮಾರ್ಫಿನ್ ನಿಲ್ಲಿಸಬೇಕಾ? ಹೆಚ್ಚುವರಿ ಮಾತ್ರೆ ಎಷ್ಟು ಕೊಡಬಹುದು?

ಉತ್ತರ: ಮೊದಲು ಹೊಟ್ಟೆಯ ವಿಷಯ ಹೇಳುತ್ತೇನೆ. ಅದು ಇವತ್ತೇ ಆಗಬೇಕಾದ ಕೆಲಸ.

ಆರು ದಿನ ಮೋಷನ್ ಆಗದೆ ಆಮೇಲೆ ನೀರು ಸೋರುತ್ತಿದ್ದರೆ ಅದನ್ನು ಭೇದಿ ಅಂದುಕೊಳ್ಳಬೇಡಿ. ಬಹುತೇಕ ಇದು ಮಲಬದ್ಧತೆಯದೇ ಇನ್ನೊಂದು ಮುಖ. ಗುದದ್ವಾರದ ಒಳಗೆ ಗಟ್ಟಿ ಮಲ ಗೂಟದ ಹಾಗೆ ಕೂತಿರುತ್ತದೆ. ಅದರ ಹಿಂದಿರುವ ತೆಳು ಮಲ ಪಕ್ಕದಿಂದ ದಾರಿ ಮಾಡಿಕೊಂಡು ಸೋರುತ್ತದೆ. ಮನೆಯವರು ಇದನ್ನು ನೋಡಿ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು, ಗೂಟವನ್ನು ಇನ್ನಷ್ಟು ಬಿಗಿ ಮಾಡಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ದಯವಿಟ್ಟು ಅದನ್ನು ಕೊಡಬೇಡಿ.

ಡಾಕ್ಟರಿಗೆ ಈಗಲೇ ಫೋನ್ ಮಾಡಿ. ಅದಕ್ಕೂ ಮೊದಲು ಅಮ್ಮನ ಹತ್ತಿರ ಕೂತು ಕೆಲವು ವಿಷಯ ಕೇಳಿ. ಕಾಲುಗಳಲ್ಲಿ ಹೊಸದಾಗಿ ಶಕ್ತಿ ಕಮ್ಮಿಯಾಗಿದೆಯಾ? ಕಾಲಿನಲ್ಲೋ ಕೂರುವ ಜಾಗದಲ್ಲೋ ಮರಗಟ್ಟಿದ ಹಾಗಿದೆಯಾ? ಮೂತ್ರ ಬರುವುದು ಕಷ್ಟವಾಗಿದೆಯಾ, ಅಥವಾ ಗೊತ್ತಿಲ್ಲದೆ ಹೋಗುತ್ತಿದೆಯಾ? ಕ್ಯಾನ್ಸರ್ ಬೆನ್ನುಮೂಳೆಯಲ್ಲಿ ಇರುವುದರಿಂದ ಇದನ್ನು ಕೇಳಲೇಬೇಕು. ಬೆನ್ನುಹುರಿ ಒತ್ತಿಕೊಂಡರೂ ಮಲಮೂತ್ರದ ಹಿಡಿತ ತಪ್ಪುತ್ತದೆ. ಇವುಗಳಲ್ಲಿ ಒಂದು ಇದ್ದರೂ ನಾಳೆಯವರೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಗಂಟೆಗಳ ತಡವಾದರೂ ಕಾಲಿನ ಶಕ್ತಿ ಮರಳಿ ಬಾರದೆ ಹೋಗಬಹುದು. ಹಾಗೆಯೇ ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿಯಾಗುತ್ತಾ, ಹೊಟ್ಟೆ ಹಿಂಡಿ ಹಿಂಡಿ ನೋಯುತ್ತಿದ್ದರೆ ಕರುಳು ಕಟ್ಟಿಕೊಂಡಿರಬಹುದು. ಆಗ ಮಲ ಸಡಿಲಿಸುವ ಮಾತ್ರೆ ಕೊಡುವುದೇ ಅಪಾಯ, ಆಸ್ಪತ್ರೆಯೇ ಬೇಕು.

ಇವು ಯಾವುವೂ ಇಲ್ಲವೆಂದರೆ ಡಾಕ್ಟರು ಅಥವಾ ನರ್ಸ್ ಗ್ಲೌಸ್ ಹಾಕಿ ಬೆರಳಿನಿಂದ ಒಳಗೆ ಪರೀಕ್ಷೆ ಮಾಡುತ್ತಾರೆ. ಅಮ್ಮನಿಗೆ ಮುಜುಗರ ಆಗುತ್ತದೆ, ನಿಜ. ಆದರೆ ಆ ಒಂದು ನಿಮಿಷದ ಪರೀಕ್ಷೆಯಿಂದಲೇ ಮುಂದಿನ ದಾರಿ ಗೊತ್ತಾಗುತ್ತದೆ. ಮಲ ಗಟ್ಟಿಯಾಗಿದ್ದರೆ ಮೊದಲು ಅದನ್ನು ಮೆತ್ತಗಾಗಿಸಬೇಕು. ಗ್ಲಿಸರಿನ್ ಬತ್ತಿ ಇಡುತ್ತಾರೆ ಅಥವಾ ಎಣ್ಣೆಯ ಎನಿಮಾ ಕೊಡುತ್ತಾರೆ. ಮೆತ್ತಗಿದ್ದೂ ಹೊರಗೆ ಬರುತ್ತಿಲ್ಲವೆಂದರೆ ಕರುಳನ್ನು ತಳ್ಳುವ ಬಿಸಾಕೊಡಿಲ್ ಬತ್ತಿ ಬೇಕು. ಕೆಳಗಿನ ಗೂಟ ತೆಗೆಯದೆ ಮೇಲಿನಿಂದ ಬರೀ ಮಾತ್ರೆ ನುಂಗಿಸಿದರೆ ಹೊಟ್ಟೆ ಹಿಂಡುತ್ತದೆ, ಕೆಲಸ ಆಗುವುದಿಲ್ಲ.

ಆಮೇಲೆ ಇದು ಮರುಕಳಿಸದ ಹಾಗೆ ನೋಡಿಕೊಳ್ಳುವುದು. ಮಾರ್ಫಿನ್ ಕರುಳಿನ ಗೋಡೆಯ ಮೇಲೂ ಕೆಲಸ ಮಾಡುತ್ತದೆ. ಕರುಳು ನಿಧಾನವಾಗುತ್ತದೆ. ಮಲ ಒಳಗೇ ಜಾಸ್ತಿ ಹೊತ್ತು ಉಳಿದು, ಅದರ ನೀರನ್ನು ದೇಹ ಹೀರಿಕೊಳ್ಳುತ್ತದೆ. ಮಾರ್ಫಿನ್ ತರುವ ತೂಕಡಿಕೆ, ವಾಕರಿಕೆಗೆ ದೇಹ ಒಂದು ವಾರದೊಳಗೆ ಸಾಮಾನ್ಯವಾಗಿ ಒಗ್ಗಿಕೊಳ್ಳುತ್ತದೆ. ಕರುಳು ಮಾತ್ರ ಒಗ್ಗಿಕೊಳ್ಳುವುದಿಲ್ಲ. ಆದ್ದರಿಂದ ಮಾರ್ಫಿನ್ ಬರೆದ ದಿನವೇ, ಅದೇ ಚೀಟಿಯಲ್ಲಿ, ಮಲ ಸಡಿಲಿಸುವ ಔಷಧಿಯೂ ಇರಬೇಕು. ನಿಮ್ಮ ಚೀಟಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಬಿಸಾಕೊಡಿಲ್ 5 ಮಿಲಿಗ್ರಾಂನ ಒಂದೆರಡು ಮಾತ್ರೆ ರಾತ್ರಿ ಮಲಗುವಾಗ, ಇಲ್ಲವೇ ಸೆನ್ನಾ. ಮಲ ಗಟ್ಟಿಯಿದ್ದರೆ ಜೊತೆಗೆ ಲ್ಯಾಕ್ಟುಲೋಸ್ ಸಿರಪ್. ಒಂದರಿಂದ ಮೂರು ದಿನಕ್ಕೊಮ್ಮೆ, ತಿಣುಕದೆ, ಮೆತ್ತಗೆ ಆದರೆ ಸಾಕು. ಒಂದು ದಿನ ಸಡಿಲವಾಯಿತು ಅಂತ ಪೂರ್ತಿ ನಿಲ್ಲಿಸಬೇಡಿ. ಒಂದು ಮಾತ್ರೆ ಕಮ್ಮಿ ಮಾಡಿ ನೋಡಿ. ಮೂರನೇ ದಿನವೂ ಆಗಲಿಲ್ಲವೆಂದರೆ ನಾಲ್ಕನೇ ದಿನಕ್ಕೆ ಕಾಯದೆ ಫೋನ್ ಮಾಡಿ.

ಇಸಬ್ಗೋಲ್ ಥರದ ಹೊಟ್ಟಿನ ಪುಡಿ ಮಾತ್ರ ಬೇಡ. ಅದಕ್ಕೆ ತುಂಬಾ ನೀರು ಬೇಕು, ಓಡಾಟ ಬೇಕು. ಮಲಗಿಕೊಂಡೇ ಇರುವವರಲ್ಲಿ, ನೀರು ಕಮ್ಮಿ ಕುಡಿಯುವವರಲ್ಲಿ ಅದು ಒಳಗೆ ಹಿಟ್ಟಿನ ಮುದ್ದೆಯಾಗಿ ಕೂರುತ್ತದೆ.

ಮಾರ್ಫಿನ್ ನಿಲ್ಲಿಸಬೇಕಾ ಅಂದರೆ, ಬೇಡ. ನಿಲ್ಲಿಸಿದರೆ ನೋವು ಬರುತ್ತದೆ, ಆರು ದಿನದ ಮಲ ಅಲ್ಲೇ ಇರುತ್ತದೆ.

ಈಗ ಅಣ್ಣನ ಭಯಕ್ಕೆ ಬರೋಣ. ಅಮ್ಮ ಗಡಿಯಾರ ನೋಡುವುದು ಅವರಿಗೂ ನಿಮಗೂ ಚಟದ ಹಾಗೆ ಕಾಣಿಸಿದೆ. ಆದರೆ ಆ ಮಾತ್ರೆ ದೇಹದಲ್ಲಿ ಏನು ಮಾಡುತ್ತದೆ ನೋಡಿ. ಬೇಗ ಕರಗುವ ಸಾದಾ ಮಾರ್ಫಿನ್ ನುಂಗಿ 20ರಿಂದ 30 ನಿಮಿಷಕ್ಕೆ ಕೆಲಸ ಶುರುವಾಗುತ್ತದೆ. ಒಂದು ಗಂಟೆಯ ಹೊತ್ತಿಗೆ ಪೂರ್ತಿ ಹಿಡಿತ. ನಾಲ್ಕು ಗಂಟೆಗೆ ಮುಗಿಯಿತು. ದಿನಕ್ಕೆ ಮೂರು ಅಂದರೆ 12 ಗಂಟೆ ಔಷಧಿ, 12 ಗಂಟೆ ಬರಿಗೈ. ಅಮ್ಮನಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ, ಅವರ ಮೂಳೆಯೇ ಹೇಳುತ್ತದೆ. ಜೊತೆಗೆ, ಸಾಕಷ್ಟು ನರಳದಿದ್ದರೆ ಮಾತ್ರೆ ಸಿಗುವುದಿಲ್ಲ ಅನ್ನುವುದೂ ಅವರಿಗೆ ಗೊತ್ತಾಗಿಬಿಟ್ಟಿದೆ. ಆಗ ಯಾರಾದರೂ ಗಡಿಯಾರ ನೋಡುತ್ತಾರೆ, ಮೊದಲೇ ಕೇಳಿಡುತ್ತಾರೆ, ಸ್ವಲ್ಪ ಜಾಸ್ತಿಯೇ ನರಳಿ ತೋರಿಸುತ್ತಾರೆ. ನೋಡಿದವರಿಗೆ ಅದೇ ಚಟ ಅನ್ನಿಸುತ್ತದೆ. ಅದಕ್ಕೆ ಇನ್ನೂ ತಡ ಮಾಡುತ್ತಾರೆ, ಅವರು ಇನ್ನೂ ಕೇಳುತ್ತಾರೆ. ಔಷಧಿ ಸಾಲದೆ ಹುಟ್ಟಿದ ನಡವಳಿಕೆ ಇದು.

ಇದನ್ನು ಪರೀಕ್ಷಿಸುವ ದಾರಿ ಸುಲಭ. ಹೇಳಿದ ಹೊತ್ತಿಗೆ ಹೇಳಿದಷ್ಟು ಕೊಟ್ಟು ನೋಡಿ. ನೋವಿನಿಂದ ಕೇಳುವವರು ನೋವು ಹಿಡಿತಕ್ಕೆ ಬಂದ ಒಂದೆರಡು ದಿನದಲ್ಲಿ ಕೇಳುವುದನ್ನೇ ಬಿಡುತ್ತಾರೆ. ನಿದ್ದೆ ಮಾಡುತ್ತಾರೆ, ಎದ್ದು ಕೂರುತ್ತಾರೆ, ಬೇರೆ ಮಾತಾಡುತ್ತಾರೆ. ಚಟ ಇರುವವರಲ್ಲಿ ಔಷಧಿ ಜಾಸ್ತಿಯಾದಂತೆ ಬದುಕು ಕುಗ್ಗುತ್ತಾ ಹೋಗುತ್ತದೆ, ಹಾನಿ ಕಣ್ಣಿಗೆ ಕಂಡರೂ ಹಂಬಲ ನಿಲ್ಲುವುದಿಲ್ಲ.

ದೇಹಕ್ಕೆ ಔಷಧಿ ಅಭ್ಯಾಸವಾಗುವುದು ಮಾತ್ರ ನಿಜ, ಅದನ್ನು ಅಣ್ಣನಿಗೆ ಮುಚ್ಚಿಡಬೇಡಿ. ಕೆಲವು ವಾರ ಮಾರ್ಫಿನ್ ತೆಗೆದುಕೊಂಡವರು ದಿಢೀರನೆ ನಿಲ್ಲಿಸಿದರೆ ಮೂಗು ಸೋರುತ್ತದೆ, ಬೆವರುತ್ತಾರೆ, ಚಡಪಡಿಸುತ್ತಾರೆ, ಭೇದಿಯಾಗುತ್ತದೆ. ಇದನ್ನು ನೋಡಿಯೇ ಜನ ಚಟ ಅನ್ನುವುದು. ನಿಧಾನವಾಗಿ ಇಳಿಸಿದರೆ ಇದು ಕಾಣಿಸಿಕೊಳ್ಳುವುದೇ ಇಲ್ಲ ಅನ್ನಬಹುದು. ಚಟದ ಅಪಾಯ ಸೊನ್ನೆ ಅಂತಲೂ ನಾನು ಹೇಳುವುದಿಲ್ಲ. ಮೊದಲೇ ಕುಡಿತದ ಅಥವಾ ಮಾದಕ ವಸ್ತುವಿನ ಚಟ ಇದ್ದವರಲ್ಲಿ ಅದು ಜಾಸ್ತಿ. ಅಂಥವರಿಗೂ ನೋವಿಗೆ ಮಾರ್ಫಿನ್ ಕೊಡುತ್ತೇವೆ, ಆದರೆ ಒಂದು ಸಲಕ್ಕೆ ಕಮ್ಮಿ ಮಾತ್ರೆ ಕೊಟ್ಟು ಹತ್ತಿರದಿಂದ ನೋಡುತ್ತೇವೆ. ನೀವು ಬರೆದಿರುವುದರಲ್ಲಿ ಅಮ್ಮನ ವಿಷಯದಲ್ಲಿ ಅಂಥದ್ದೇನೂ ನನಗೆ ಕಾಣಿಸಲಿಲ್ಲ.

ಗಡಿಯಾರದ ಪ್ರಕಾರ ಶುರು ಮಾಡುವ ಮುನ್ನ ಡಾಕ್ಟರಿಗೆ ಒಂದು ಸತ್ಯ ಹೇಳಲೇಬೇಕು. ಅವರ ಲೆಕ್ಕದಲ್ಲಿ ಅಮ್ಮ ದಿನಕ್ಕೆ 60 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದಾರೆ. ನಿಜದಲ್ಲಿ 30. ನೀವು ಇದನ್ನು ಹೇಳದೆ ‘ನೋವು ಕಮ್ಮಿಯೇ ಆಗಿಲ್ಲ’ ಅಂದರೆ ಅವರು 60 ಸಾಲಲಿಲ್ಲ ಅಂತ 90ಕ್ಕೆ ಏರಿಸಬಹುದು. ಅದೇ ದಿನ ಮನೆಯವರು ಮನಸ್ಸು ಬದಲಿಸಿ ಎಲ್ಲ ಮಾತ್ರೆ ಸರಿಯಾಗಿ ಕೊಟ್ಟರೆ 30ರಿಂದ 90ಕ್ಕೆ ಒಂದೇ ನೆಗೆತ. ಅಪಾಯ ಇರುವುದು ಅಲ್ಲಿ. ‘ಭಯಪಟ್ಟು ಮೂರೇ ಕೊಡುತ್ತಿದ್ದೆವು’ ಅಂತ ನೇರವಾಗಿ ಹೇಳಿ. ಯಾವ ಒಳ್ಳೆಯ ಡಾಕ್ಟರೂ ಇದಕ್ಕೆ ಬೈಯುವುದಿಲ್ಲ. ಕಿಡ್ನಿಯ ರಕ್ತಪರೀಕ್ಷೆ ಯಾವಾಗ ಮಾಡಿಸಿದ್ದು ಅಂತಲೂ ಕೇಳಿ. ಮಾರ್ಫಿನ್ ದೇಹದಲ್ಲಿ ಬದಲಾಗಿ ಉಳಿಯುವ ಅಂಶಗಳು ಕಿಡ್ನಿಯ ಮೂಲಕ ಹೊರಹೋಗುತ್ತವೆ. ಕಿಡ್ನಿ ಸೋತಿದ್ದರೆ ಅವು ರಕ್ತದಲ್ಲಿ ಸೇರುತ್ತಾ ಹೋಗುತ್ತವೆ. ಆಗ ಪ್ರಮಾಣ ಕಮ್ಮಿ ಮಾಡುತ್ತಾರೆ, ಮಾತ್ರೆಗಳ ನಡುವಿನ ಅಂತರ ಹೆಚ್ಚಿಸುತ್ತಾರೆ, ಇಲ್ಲವೇ ಬೇರೆ ಔಷಧಿಗೆ ಬದಲಿಸುತ್ತಾರೆ.

ಅವರು ಸರಿ ಎಂದ ಮೇಲೆ ಹೊತ್ತುಗಳನ್ನು ಬರೆದಿಡಿ: ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10, ನಡುರಾತ್ರಿ 2. ನೋವು ಇರಲಿ ಬಿಡಲಿ, ಆ ಹೊತ್ತಿಗೆ ಮಾತ್ರೆ. ‘ಬಾಯಿಯ ಮೂಲಕ, ಗಡಿಯಾರದ ಪ್ರಕಾರ’ ಎಂದು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಕ್ಯಾನ್ಸರ್ ನೋವಿಗೆ ಹೇಳಿದ್ದು ಇದನ್ನೇ. ನೋವು ಎದ್ದ ಮೇಲೆ ಅದನ್ನು ಮಲಗಿಸುವುದಕ್ಕೆ ಜಾಸ್ತಿ ಔಷಧಿ ಬೇಕು, ಏಳದ ಹಾಗೆ ನೋಡಿಕೊಳ್ಳುವುದಕ್ಕೆ ಕಮ್ಮಿ ಸಾಕು. ನಡುರಾತ್ರಿ ಎಬ್ಬಿಸುವುದು ಬೇಡವೆಂದರೆ ರಾತ್ರಿ 10ಕ್ಕೆ ಎರಡು ಮಾತ್ರೆ ಕೊಟ್ಟು 2 ಗಂಟೆಯದನ್ನು ಬಿಡುವ ಪದ್ಧತಿಯೂ ಇದೆ. ಆದರೆ ಇಷ್ಟು ದಿನ ಅರ್ಧವೇ ತೆಗೆದುಕೊಂಡಿರುವ ಅಮ್ಮನಿಗೆ ಮೊದಲ ಎರಡು ಮೂರು ರಾತ್ರಿ ಅದು ಬೇಡ. ಆಮೇಲೆ ಡಾಕ್ಟರನ್ನು ಕೇಳಿ.

ಇನ್ನು ಹೆಚ್ಚುವರಿ ಮಾತ್ರೆ. ಇದು ದಿನದ ಒಟ್ಟು ಮಾರ್ಫಿನ್‌ನ ಸುಮಾರು ಆರನೇ ಒಂದು ಭಾಗ, ಅಂದರೆ ನಾಲ್ಕು ಗಂಟೆಗೊಮ್ಮೆ ಕೊಡುವಷ್ಟೇ. ನಿಮ್ಮಲ್ಲಿ 10. ವಯಸ್ಸಾದವರಿಗೆ, ತುಂಬಾ ಸೊರಗಿದವರಿಗೆ ಇದಕ್ಕಿಂತ ಕಮ್ಮಿಯೂ ಬರೆಯುತ್ತಾರೆ. ಇದನ್ನು ಕೊಟ್ಟ ಮೇಲೂ ಮುಂದಿನ ಹೊತ್ತಿನ ಮಾತ್ರೆ ತಪ್ಪಿಸಬಾರದು. 1 ಗಂಟೆಗೆ ಹೆಚ್ಚುವರಿ ಕೊಟ್ಟಿದ್ದರೂ 2 ಗಂಟೆಯದು 2 ಗಂಟೆಗೇ. ಎಲ್ಲರೂ ಎಡವುವುದು ಇಲ್ಲಿ. ಈಗಷ್ಟೇ ಕೊಟ್ಟೆವಲ್ಲ ಅಂತ ಮುಂದಿನದನ್ನು ತಳ್ಳುತ್ತಾರೆ, ಇಡೀ ದಿನದ ಲೆಕ್ಕ ಜಾರುತ್ತದೆ. ಅಮ್ಮ ಎಚ್ಚರವಾಗಿ ಮಾತಾಡುತ್ತಿದ್ದು, ಹೆಚ್ಚುವರಿ ಕೊಟ್ಟು ಒಂದು ಗಂಟೆಯಾದರೂ ನೋವು ಇಳಿಯದಿದ್ದರೆ ಇನ್ನೊಂದು ಕೊಡಬಹುದು. ಅದೂ ಕೇಳದಿದ್ದರೆ ಮೂರನೆಯದಕ್ಕೆ ಕೈ ಹಾಕದೆ ಫೋನ್ ಮಾಡಿ. ದಿನಕ್ಕೆ ಮೂರು ಸಲ ಹೆಚ್ಚುವರಿ ಬೇಕಾಗುತ್ತಿದ್ದರೂ ಫೋನ್ ಮಾಡಿ. ಹೊತ್ತಿನ ಮಾತ್ರೆಯೇ ಸಾಲುತ್ತಿಲ್ಲ ಎಂದು ಅದರ ಅರ್ಥ ಇರಬಹುದು.

ಸಂಖ್ಯೆಗಿಂತ ಹೊತ್ತು ಮುಖ್ಯ. ನಾನು ನೋಡಿಕೊಂಡ ಒಬ್ಬ ಹಿರಿಯರ ಕಥೆ ಹೇಳುತ್ತೇನೆ. ಪ್ರಾಸ್ಟೇಟ್ ಕ್ಯಾನ್ಸರ್ ಸೊಂಟದ ಮೂಳೆಗೆ ಬಂದಿತ್ತು. ಅವರಿಗೂ 10 ಮಿಲಿಗ್ರಾಂ, ನಾಲ್ಕು ಗಂಟೆಗೊಮ್ಮೆ. ಸೊಸೆ ಒಂದು ನೋಟ್‌ಬುಕ್ ಇಟ್ಟಿದ್ದರು. ಕೊಟ್ಟ ಹೊತ್ತು, ಏನು ಮಾಡುವಾಗ ನೋವು ಬಂತು, ಒಂದು ಗಂಟೆ ಬಿಟ್ಟು ಹೇಗಿದ್ದರು, ಇಷ್ಟೇ. ಎರಡನೇ ದಿನದ ಪುಟದಲ್ಲಿ ಮೂರು ಹೆಚ್ಚುವರಿ: ಬೆಳಿಗ್ಗೆ 5.30, 9.30, ಮಧ್ಯಾಹ್ನ 1.30. ಮೂರೂ ಮುಂದಿನ ಮಾತ್ರೆಗೆ ಅರ್ಧ ಗಂಟೆ ಮುಂಚೆ. ಪುಟ ನೋಡಿದ ತಕ್ಷಣ ಗೊತ್ತಾಯಿತು, ಪ್ರತಿ ಮಾತ್ರೆಯೂ ನಾಲ್ಕು ಗಂಟೆ ತುಂಬುವ ಮೊದಲೇ ಬರಿದಾಗುತ್ತಿದೆ. ಆಗ ಮೂರು ಗಂಟೆಗೊಮ್ಮೆ ಕೊಡುವುದಲ್ಲ, ಪ್ರತಿ ಮಾತ್ರೆಯ ಪ್ರಮಾಣ ಏರಿಸಬೇಕು. ಹೊತ್ತಿನದು 60, ಹೆಚ್ಚುವರಿ 30, ಒಟ್ಟು 90. ಅದನ್ನು ಆರು ಭಾಗ ಮಾಡಿದರೆ 15. ಹೊಸ ಪ್ರಮಾಣ 15, ಹೆಚ್ಚುವರಿಯೂ 15. ಹೊತ್ತಿನದು ಏರಿದಾಗ ಹೆಚ್ಚುವರಿಯೂ ಏರಬೇಕು, ಅದನ್ನು ಚೀಟಿಯಲ್ಲಿ ತಿದ್ದಲು ಮರೆಯುವವರು ಡಾಕ್ಟರುಗಳಲ್ಲೂ ಇದ್ದಾರೆ.

ಎರಡು ದಿನ ಬಿಟ್ಟು ಪುಟವೇ ಬೇರೆ ಥರ ಇತ್ತು. ಹೆಚ್ಚುವರಿ ದಿನಕ್ಕೆ ಒಂದೇ, ಅದೂ ಸ್ನಾನ ಮಾಡಿಸುವ ಹೊತ್ತಿಗೆ. ಇದು ಇನ್ನೊಂದು ಜಾತಿಯ ನೋವು. ಮಲಗಿದ್ದಾಗ ಇಲ್ಲ, ಅಲುಗಾಡಿದರೆ ಬರುತ್ತದೆ. ಇದಕ್ಕಾಗಿ ಇಡೀ ದಿನದ ಪ್ರಮಾಣ ಏರಿಸಿದರೆ ಉಳಿದ 23 ಗಂಟೆ ಸುಮ್ಮನೆ ತೂಕಡಿಸುತ್ತಾರೆ. ಅದರ ಬದಲು ಸ್ನಾನಕ್ಕೆ ಅರ್ಧ ಗಂಟೆ ಮೊದಲು ಹೆಚ್ಚುವರಿ ಮಾತ್ರೆ ಕೊಡಲು ಹೇಳಿದೆ. ನಿಮ್ಮ ಅಮ್ಮನದೂ ಮೂಳೆಯ ನೋವು, ಹೀಗೇ ಕಾಣಿಸಿಕೊಳ್ಳಬಹುದು.

ಮೂಳೆಯ ನೋವಿಗೆ ಮಾರ್ಫಿನ್ ಒಂದೇ ಉತ್ತರವಲ್ಲ. ಆ ಹಿರಿಯರ ಸೊಂಟಕ್ಕೆ ಒಂದೇ ಸಲದ ರೇಡಿಯೋಥೆರಪಿ ಮಾಡಿಸಿದೆವು. ಅದರ ಫಲ ಕಾಣಲು ಕೆಲವು ವಾರ ಬೇಕು. ಮೂರನೇ ವಾರ ಸೊಸೆ ಫೋನ್ ಮಾಡಿದರು. ಮಾವ ಹಗಲೆಲ್ಲ ತೂಕಡಿಸುತ್ತಾರೆ, ನೋವು ಇಲ್ಲ ಅನ್ನುತ್ತಾರೆ, ಮಾತ್ರೆ ಜ್ಞಾಪಿಸಿದರೆ ‘ಆಗಲೇ ಹೊತ್ತಾಯಿತಾ’ ಅನ್ನುತ್ತಾರೆ ಅಂತ. ನೋವು ಇಳಿದಿತ್ತು, 15 ಜಾಸ್ತಿಯಾಗಿತ್ತು. ಹತ್ತಕ್ಕೆ ಇಳಿಸಿದೆವು. ಕೆಲವು ದಿನ ಬಿಟ್ಟು ಐದಕ್ಕೆ, ಆಮೇಲೆ ಇನ್ನೂ ಕಮ್ಮಿ, ಕೊನೆಗೆ ನಿಲ್ಲಿಸಿದೆವು. ಅವರು ಒಂದು ದಿನವೂ ಬೇಕು ಅಂತ ಕೇಳಲಿಲ್ಲ. ನಿಮ್ಮ ಅಮ್ಮನಿಗೂ ರೇಡಿಯೋಥೆರಪಿ ಆಗುತ್ತದಾ, ಜೊತೆಗೆ ಪ್ಯಾರಾಸಿಟಮಾಲ್ ಅಥವಾ ಮೂಳೆನೋವಿನ ಬೇರೆ ಮಾತ್ರೆ ಸೇರಿಸಬಹುದಾ ಅಂತ ಕೇಳಿ. ನೋವು ಉರಿಯುವ ಹಾಗೋ ಕರೆಂಟ್ ಹೊಡೆದ ಹಾಗೋ ಇದ್ದರೆ ಅದನ್ನು ಹಾಗೆಯೇ ಹೇಳಿ. ಅದು ನರದ ನೋವು, ಬರೀ ಮಾರ್ಫಿನ್‌ಗೆ ಪೂರ್ತಿ ಬಗ್ಗುವುದಿಲ್ಲ, ಬೇರೆ ಔಷಧಿ ಜೊತೆಗೆ ಬೇಕು.

ಮಾರ್ಫಿನ್ ಉಸಿರು ನಿಲ್ಲಿಸಿಬಿಡುತ್ತದೆ ಅನ್ನುವ ಭಯವೂ ಮನೆಗಳಲ್ಲಿ ಇರುತ್ತದೆ. ಬಾಯಿಯ ಮೂಲಕ, ನೋವಿಗೆ ತಕ್ಕಷ್ಟು, ಹಂತ ಹಂತವಾಗಿ ಏರಿಸಿದಾಗ ಉಸಿರು ಕುಗ್ಗುವುದಕ್ಕೆ ಮೊದಲು ಅತಿಯಾದ ಮಂಪರು ಬರುತ್ತದೆ. ಆದ್ದರಿಂದ ಮಂಪರನ್ನು ಗಮನಿಸುತ್ತಿರಿ. ಮೊದಲ ಎರಡು ಮೂರು ದಿನ ಅಮ್ಮ ಜಾಸ್ತಿ ನಿದ್ದೆ ಮಾಡಬಹುದು. ಎಷ್ಟೋ ರಾತ್ರಿಗಳ ನಿದ್ದೆ ಬಾಕಿ ಇದೆ. ಕರೆದರೆ ಎದ್ದು ಸರಿಯಾಗಿ ಮಾತಾಡಿದರೆ ಗಾಬರಿ ಬೇಡ. ಆದರೆ ಕೂಗಿ ಅಲುಗಾಡಿಸಿದರೂ ಎಚ್ಚರವಾಗದಿದ್ದರೆ, ಅಥವಾ ಒಂದು ಪೂರ್ತಿ ನಿಮಿಷ ಎಣಿಸಿದಾಗ ಉಸಿರು ಎಂಟಕ್ಕಿಂತ ಕಮ್ಮಿ ಇದ್ದರೆ, ಮುಂದಿನ ಮಾತ್ರೆ ಕೊಡದೆ ತುರ್ತು ಸಹಾಯಕ್ಕೆ ಕರೆ ಮಾಡಿ. ಕೈಕಾಲು ಪದೇ ಪದೇ ಜಗ್ಗಿದ ಹಾಗಾಗುವುದು, ಇಲ್ಲದ್ದನ್ನು ಕಾಣುವುದು, ಅಸಂಬದ್ಧವಾಗಿ ಮಾತಾಡುವುದು ಔಷಧಿ ದೇಹದಲ್ಲಿ ಸೇರುತ್ತಿರುವ ಗುರುತು. ವಾಂತಿಯಾಗಿ ನೀರು ಒಳಗೆ ನಿಲ್ಲದಿದ್ದಾಗ, ಮೂತ್ರ ತೀರಾ ಕಮ್ಮಿಯಾದಾಗ ಇದು ಜಾಸ್ತಿ. ಆಗಲೂ ಅದೇ ದಿನ ಫೋನ್ ಮಾಡಬೇಕು. ಡಾಕ್ಟರಿಗೆ ಗೊತ್ತಿಲ್ಲದೆ ನಿದ್ದೆ ಮಾತ್ರೆ ಸೇರಿಸಬೇಡಿ. ವಾಕರಿಕೆ ಬಂದರೆ ಮೊದಲ ವಾರಕ್ಕೆ ಔಷಧಿ ಕೇಳಿ, ಆಮೇಲೆ ಅದು ಹೆಚ್ಚಿನವರಿಗೆ ಬೇಕಾಗುವುದಿಲ್ಲ.

ಒಂದು ಸಣ್ಣ ಎಚ್ಚರಿಕೆ. ಮುಂದೆ 12 ಗಂಟೆ ಕೆಲಸ ಮಾಡುವ ಮಾರ್ಫಿನ್‌ಗೆ ಬದಲಾಯಿಸಬಹುದು. ಸಾದಾ ಮಾತ್ರೆಯನ್ನು ನುಂಗಲಾಗದಿದ್ದರೆ ಪುಡಿ ಮಾಡಿ ನೀರಿನಲ್ಲಿ ಕೊಡಬಹುದು. 12 ಗಂಟೆಯದನ್ನು ಪುಡಿ ಮಾಡಲೇಬಾರದು, ಅಗಿಯಲೂಬಾರದು. ಅರ್ಧ ದಿನದ ಔಷಧಿ ಒಂದೇ ಸಲ ದೇಹಕ್ಕೆ ಸೇರುತ್ತದೆ. ಅದನ್ನು ಹೆಚ್ಚುವರಿಯಾಗಿಯೂ ಕೊಡಬಾರದು. ಹೆಚ್ಚುವರಿಗೆ ಯಾವಾಗಲೂ ಬೇಗ ಕರಗುವ ಮಾತ್ರೆಯೇ ಬೇಕು.

ನೋಟ್‌ಬುಕ್ ಅನ್ನು ಅಣ್ಣನ ಕೈಗೇ ಕೊಡಿ. ವಾದ ಮಾಡಿ ಅವರನ್ನು ಒಪ್ಪಿಸುವುದಕ್ಕಿಂತ ಇದು ಒಳ್ಳೆಯದು. ಮನೆಯಲ್ಲಿ ಜಾಸ್ತಿ ಭಯ ಇರುವವರಿಗೇ ನಾನು ಈ ಕೆಲಸ ಕೊಡುತ್ತೇನೆ. ಅವರು ಒಂದು ಮಾತ್ರೆಯ ಲೆಕ್ಕವೂ ತಪ್ಪಿಸುವುದಿಲ್ಲ. ಪೆಟ್ಟಿಗೆಯ ಬೀಗದ ಕೈಯೂ ಅವರ ಹತ್ತಿರ ಇರಲಿ, ಇನ್ನೊಂದು ನಿಮ್ಮ ಹತ್ತಿರ, ಅವರು ಹೊರಗೆ ಹೋದಾಗ ಅಮ್ಮ ಕಾಯಬಾರದು. ಮನೆಯ ಮಕ್ಕಳಿಗಾಗಲಿ, ಬಂದುಹೋಗುವವರಿಗಾಗಲಿ ಆ ಮಾತ್ರೆ ಸಿಗಬಾರದು. ಅಣ್ಣನ ಭಯಕ್ಕೆ ನಿಜವಾದ ಜಾಗ ಇದು. ಬೇರೆಯವರ ನೋವಿಗೆ ಇದರಿಂದ ಒಂದೂ ಕೊಡಬೇಡಿ, ಉಳಿದದ್ದನ್ನು ಎಣಿಸಿ ಕೊಟ್ಟ ಜಾಗಕ್ಕೇ ವಾಪಸ್ ಕೊಡಿ. ಮೂರನೇ ದಿನ ನೋಟ್‌ಬುಕ್ ಹಿಡಿದು ಡಾಕ್ಟರ ಹತ್ತಿರ ಹೋಗುವಾಗ ಅಣ್ಣನೂ ಬರಲಿ. ಅಮ್ಮ ಎಷ್ಟು ಸಲ ಮಾತ್ರೆ ಕೇಳಿದರು ಅನ್ನುವುದನ್ನೂ ಅದರಲ್ಲಿ ಅವರೇ ಬರೆದಿರಲಿ.